ಎಳೆಯ ಬೆನ್ನು, ಎಣಿಸದ ಎಸೆತ

ಕಳೆದ ವರ್ಷದ ಕಾರ್ತಿಕ ಮಾಸದ ಒಂದು ಬೆಳಗ್ಗೆ ಹತ್ತನೆಯ ತರಗತಿಯಲ್ಲಿ ಪದ್ಯಪಾಠ ನಡೆದಿತ್ತು. ಹಿಂದಿನ ಸಾಲಿನ ಹುಡುಗನೊಬ್ಬನು ಬೆಂಚಿನ ಮೇಲೆ ಒಂದೆಡೆಗೆ ವಾಲಿ ಕುಳಿತಿದ್ದನು. ಪದ್ಯವನ್ನು ಓದಲು ಎಬ್ಬಿಸಿದಾಗ ಎಡಗೈಯನ್ನು ಸೊಂಟಕ್ಕೆ ಆನಿಸಿಕೊಂಡು ಎದ್ದನು. "ಏನಪ್ಪಾ, ಮೈಗೆ ಸೌಖ್ಯವಿಲ್ಲವೆ?" ಎಂದೆ. "ಏನಿಲ್ಲ ಗುರುಗಳೇ, ಸ್ವಲ್ಪ ಹಿಡಿದುಕೊಂಡಿದೆ. ಬೌಲಿಂಗ್ ಮಾಡಿದ್ದು" ಎಂದನು. ನಮ್ಮ ಶಾಲಾ ತಂಡದ ವೇಗದ ಬೌಲರು ಅವನೇ. ಹದಿನೈದು ವರ್ಷದವನು; ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದವನು. ಹಿಡಿದುಕೊಂಡಿದ್ದು ನಾಲ್ಕು ದಿನಕ್ಕೆ ಬಿಡುವುದೆಂದು ನಾನೂ ಭಾವಿಸಿ ಪಾಠವನ್ನು ಮುಂದುವರಿಸಿದೆನು. ಅದು ಬಿಡಲಿಲ್ಲ. ಆ ಹುಡುಗನು ಮತ್ತೆ ಚೆಂಡನ್ನು ಕೈಗೆತ್ತಿಕೊಂಡದ್ದು ಐದು ತಿಂಗಳಾದ ಮೇಲೆ.

ಛಂದಸ್ಸು ವ್ಯಾಕರಣಗಳಲ್ಲಿ ಕೂದಲು ನರೆಸಿಕೊಂಡ ನನಗೆ ಚೆಂಡಾಟದ ವಿಚಾರದಲ್ಲಿ ಮಾತನಾಡುವ ಅಧಿಕಾರ ಎಲ್ಲಿಯದು ಎಂದು ಓದುಗರು ಕೇಳಬಹುದು. ಆಟದ ಕೌಶಲವನ್ನು ಕುರಿತು ನಾನು ಏನನ್ನೂ ಹೇಳಲಾರೆ. ಆದರೆ ಆ ಹುಡುಗನಿಗೆ ಆದದ್ದೇನೆಂದು ತಿಳಿಯುವುದಕ್ಕಾಗಿ ಬಲ್ಲವರನ್ನು ಕೇಳಿ, ಓದಬೇಕಾದುದನ್ನು ಓದಿ, ಕಡೆಗೆ ಅವನನ್ನೇ ಎದುರಿಗೆ ಕುಳ್ಳಿರಿಸಿಕೊಂಡು ಒಂದೊಂದು ದಿನದ ಲೆಕ್ಕವನ್ನೂ ಬರೆದಾಗ, ಇದು ಕೌಶಲದ ಪ್ರಶ್ನೆಗಿಂತ ಮೊದಲು ಎಣಿಕೆಯ ಪ್ರಶ್ನೆಯೆಂದು ನನಗೆ ಮನವರಿಕೆಯಾಯಿತು. ಮಾತ್ರೆಗಳನ್ನು ಎಣಿಸಿ ಬದುಕಿದವನು ಎಸೆತಗಳನ್ನು ಎಣಿಸಬಾರದೆಂಬ ನಿಯಮವೇನೂ ಇಲ್ಲವಷ್ಟೆ.

ಮೊದಲು ನೋವಿನ ಸ್ವರೂಪವನ್ನು ತಿಳಿಯೋಣ. ನಮ್ಮ ಬೆನ್ನುಮೂಳೆಯು ಒಂದರ ಮೇಲೊಂದು ಕುಳಿತ ಮಣಿಗಳ ಸಾಲು. ಪ್ರತಿಯೊಂದು ಮಣಿಯ ಹಿಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಜೋಡಿಸುವ ಕಿರಿದಾದ ಎಲುಬಿನ ಸೇತುವೆಯಿರುತ್ತದೆ. ವೇಗದ ಬೌಲರು ಓಡಿಬಂದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲಿ ಅವನ ದೇಹದ ತೂಕದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಬಲ ನೆಲದಿಂದ ಮೇಲಕ್ಕೆ ಬರುತ್ತದೆ. ಅದೇ ಕ್ಷಣದಲ್ಲಿ ಅವನ ನಡು ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ವಾಲಿರುತ್ತದೆ, ಜೊತೆಗೆ ತಿರುಚಿಕೊಳ್ಳುತ್ತಲೂ ಇರುತ್ತದೆ. ಬಲಗೈ ಬೌಲರಾದರೆ ಎಡಕ್ಕೆ ವಾಲುವುದರಿಂದ ಈ ಮೂರೂ ಚಲನೆಗಳ ಭಾರ ಕೆಳಬೆನ್ನಿನ ಕೊನೆಯ ಒಂದೆರಡು ಮಣಿಗಳ ಎಡಗಡೆಯ ಸೇತುವೆಯ ಮೇಲೆ ಬೀಳುತ್ತದೆ. ಆದುದರಿಂದಲೇ ಬಲಗೈ ಬೌಲರುಗಳಲ್ಲಿ ಈ ನೋವು ಸಾಮಾನ್ಯವಾಗಿ ಎಡಗಡೆಗೆ, ಎಡಗೈಯವರಲ್ಲಿ ಬಲಗಡೆಗೆ ಕಾಣಿಸಿಕೊಳ್ಳುತ್ತದೆ. ನಮ್ಮ ಹುಡುಗನು ಸೊಂಟದ ಎಡಭಾಗವನ್ನು ಹಿಡಿದುಕೊಂಡದ್ದು ಆಕಸ್ಮಿಕವಲ್ಲ.

ಒಂದು ಎಸೆತದಿಂದ ಎಲುಬು ಮುರಿಯುವುದಿಲ್ಲ. ಪ್ರತಿ ಎಸೆತವೂ ಕಣ್ಣಿಗೆ ಕಾಣದಷ್ಟು ಸಣ್ಣ ಸವೆತವನ್ನು ಉಂಟುಮಾಡುತ್ತದೆ. ದೇಹವು ಅದನ್ನು ದುರಸ್ತಿ ಮಾಡಿಕೊಳ್ಳುತ್ತದೆ. ಆದರೆ ಆ ದುರಸ್ತಿಯ ಕ್ರಮವೊಂದುಂಟು. ಹಳೆಯ ಮನೆಯ ಗೋಡೆಯನ್ನು ಸರಿಪಡಿಸುವ ಗೌಂಡಿಯು ಸಡಿಲವಾದ ಗಾರೆಯನ್ನು ಮೊದಲು ಕೆರೆದು ತೆಗೆದು ಆಮೇಲೆ ಹೊಸದನ್ನು ಮೆತ್ತುವಂತೆ, ದೇಹವೂ ಹಾಳಾದ ಎಲುಬಿನ ಅಂಶವನ್ನು ಮೊದಲು ಕರಗಿಸಿ ಅನಂತರ ಹೊಸದನ್ನು ತುಂಬುತ್ತದೆ. ಕರಗಿಸುವ ಕೆಲಸ ಬೇಗ ಮುಗಿಯುತ್ತದೆ. ತುಂಬಿ ಗಟ್ಟಿಯಾಗುವುದಕ್ಕೆ ವಾರಗಳು, ತಿಂಗಳುಗಳು ಬೇಕು. ಈ ನಡುವಣ ಕಾಲದಲ್ಲಿ ಎಲುಬು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಆಗ ಬಿಡುವಿಲ್ಲದೆ ಎಸೆಯುತ್ತ ಹೋದರೆ ಸವೆತವು ದುರಸ್ತಿಯನ್ನು ಮೀರಿ ಸಣ್ಣ ಬಿರುಕು ಬಿಡುತ್ತದೆ. ಇದನ್ನೇ ವೈದ್ಯರು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಕೆಳಬೆನ್ನಿನ ಎಲುಬು ಪೂರ್ಣವಾಗಿ ಬಲಿಯುವುದು ಇಪ್ಪತ್ತರ ವಯಸ್ಸು ದಾಟಿದ ಮೇಲೆ. ಹದಿಮೂರರಿಂದ ಹದಿನಾರರ ನಡುವೆ ಹುಡುಗನು ಸರಸರನೆ ಎತ್ತರವಾಗುವಾಗ ಉದ್ದ ಮೊದಲು ಬರುತ್ತದೆ, ಗಟ್ಟಿತನ ಹಿಂದಿನಿಂದ ಬರುತ್ತದೆ. ಎತ್ತರವಾದ ಹುಡುಗನನ್ನು ಕಂಡ ಕೂಡಲೆ ಹೊಸ ಚೆಂಡನ್ನು ಅವನ ಕೈಗೆ ಕೊಡುವುದು ನಮ್ಮ ವಾಡಿಕೆ. ಅಪಾಯದ ಕಾಲವೂ ಅದೇ.

ಇದು ಹಳ್ಳಿಗಾಡಿನ ಶಾಲೆಗಳ ಅಜ್ಞಾನದಿಂದ ಮಾತ್ರ ಆಗುವ ಕಷ್ಟವೆಂದು ತಿಳಿಯಬಾರದು. ಆಸ್ಟ್ರೇಲಿಯದ ಪ್ಯಾಟ್ ಕಮಿನ್ಸ್ 2011ರ ಮಾರ್ಚಿಯಲ್ಲಿ, ಇನ್ನೂ ಹದಿನೇಳರ ಹುಡುಗನಾಗಿದ್ದಾಗ, ಅಲ್ಲಿನ ಶೆಫೀಲ್ಡ್ ಶೀಲ್ಡ್ ಅಂತಿಮ ಪಂದ್ಯವೊಂದರಲ್ಲಿಯೇ 65 ಓವರುಗಳನ್ನು ಎಸೆದನು. ಅದೇ ವರ್ಷದ ನವೆಂಬರಿನಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ತನ್ನ ಮೊದಲ ಟೆಸ್ಟನ್ನಾಡಿ, ಎರಡನೆಯ ಸರದಿಯಲ್ಲಿ ಆರು ವಿಕೆಟ್ಟುಗಳನ್ನು ಪಡೆದು ಪಂದ್ಯಪುರುಷನೆನಿಸಿಕೊಂಡನು. ಅವನು ಎರಡನೆಯ ಟೆಸ್ಟನ್ನು ಆಡಿದ್ದು 2017ರ ಮಾರ್ಚಿಯಲ್ಲಿ, ನಮ್ಮ ರಾಂಚಿಯಲ್ಲಿ. ನಡುವಣ ಐದು ವರ್ಷಗಳಿಗೂ ಮೀರಿದ ಕಾಲದಲ್ಲಿ ಬೆನ್ನಿನ ಬಿರುಕು ಮತ್ತೆ ಮತ್ತೆ ಮರುಕಳಿಸಿತು. ಆ ಒಂದು ಪಂದ್ಯವೇ ಎಲ್ಲಕ್ಕೂ ಕಾರಣವೆಂದು ಹೇಳುವುದು ಸರಿಯಲ್ಲ. ಆದರೆ ಎಳೆಯ ಬೆನ್ನು ಎಷ್ಟು ನಿಧಾನವಾಗಿ ಬಲಿಯುತ್ತದೆಂಬುದಕ್ಕೆ ಅವನ ಕಥೆಗಿಂತ ಸ್ಪಷ್ಟವಾದ ನಿದರ್ಶನ ಬೇಡ. ನಮ್ಮ ಕರ್ನಾಟಕದ ಪ್ರಸಿದ್ಧ ಕೃಷ್ಣನಿಗೂ 2022ರಲ್ಲಿ ಬೆನ್ನಿನಲ್ಲಿ ಇದೇ ಬಗೆಯ ಬಿರುಕುಂಟಾಗಿ, 2023ರಲ್ಲಿ ಶಸ್ತ್ರಚಿಕಿತ್ಸೆಯಾಗಿ, ಅದೇ ವರ್ಷದ ಆಗಸ್ಟಿನಲ್ಲಿ ಅವನು ಮರಳಿ ಆಡಿದನು. ಇವರಿಗೆಲ್ಲ ವೈದ್ಯರ ತಂಡ ಬೆನ್ನಿಗಿತ್ತು. ನಮ್ಮ ಹುಡುಗರಿಗೆ ಬೆನ್ನಿಗಿರುವವರು ತಂದೆತಾಯಿಗಳು ಮತ್ತು ನಾವು.

ಈಗ ನಮ್ಮ ಹುಡುಗನ ಲೆಕ್ಕವನ್ನು ನೋಡೋಣ. ದಸರೆಯ ರಜೆ ಮುಗಿದ ಮೇಲಿನ ಮೊದಲ ವಾರವನ್ನು ತೆಗೆದುಕೊಳ್ಳುತ್ತೇನೆ. ಸೋಮವಾರ ಬೆಳಗ್ಗೆ ಶಾಲೆಯ ನೆಟ್ಟಿನಲ್ಲಿ ಸುಮಾರು 60 ಎಸೆತ. ಮಂಗಳವಾರ ಸಂಜೆ ಊರಿನ ಕ್ಲಬ್ಬಿನ ನೆಟ್ಟಿನಲ್ಲಿ 54. ಬುಧವಾರ ಮತ್ತೆ ಶಾಲೆಯಲ್ಲಿ 60. ಗುರುವಾರ ಮತ್ತೆ ಕ್ಲಬ್ಬಿನಲ್ಲಿ 54. ಶುಕ್ರವಾರ 'ವಿರಾಮ', ಆದರೂ ಕೈ ಪಳಗಿರಲೆಂದು 24. ಶನಿವಾರ ಶಾಲೆಯ ಪಂದ್ಯದಲ್ಲಿ 8 ಓವರು, ಅದಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳಲು ಎಸೆದ 12 ಸೇರಿ 60. ಭಾನುವಾರ ಕ್ಲಬ್ಬಿನ ಪಂದ್ಯದಲ್ಲಿ 10 ಓವರು ಮತ್ತು 12, ಒಟ್ಟು 72. ಇಡೀ ವಾರಕ್ಕೆ 384 ಎಸೆತ. ಎಂದರೆ 64 ಓವರು. ಏಳು ದಿನಗಳಲ್ಲಿ ಒಂದು ದಿನವೂ ಎಲುಬಿಗೆ ಬಿಡುವಿಲ್ಲ.

ಆ ಮೊತ್ತವನ್ನು ಕಂಡು ನಾನು ಶಾಲೆಯ ವ್ಯಾಯಾಮ ಶಿಕ್ಷಕರನ್ನು ಕೇಳಿದೆನು. ಅವರು ಪ್ರಾಮಾಣಿಕರು, ತಮ್ಮ ನೆಟ್ಟಿನಲ್ಲಿ ವಾರಕ್ಕೆರಡು ದಿನ, ಒಂದು ಪಂದ್ಯ, ಅಷ್ಟೇ ಎಂದರು. ಅದು ನಿಜ. ಕ್ಲಬ್ಬಿನ ತರಬೇತುಗಾರರೂ ಅದನ್ನೇ ಹೇಳಿದರು, ಅದೂ ನಿಜ. ಇಬ್ಬರೂ ತಮ್ಮ ತಮ್ಮ ಮಿತಿಯಲ್ಲಿದ್ದರು. ಮಿತಿ ಮೀರಿದವನು ಹುಡುಗನೊಬ್ಬನೇ. ಒಂದೇ ಎತ್ತನ್ನು ಬೆಳಗ್ಗೆ ಅಣ್ಣನೂ ಸಂಜೆ ತಮ್ಮನೂ ಹೂಡಿ, 'ನಾನು ಅರ್ಧ ದಿನ ಮಾತ್ರ ಹೂಡಿದ್ದೇನೆ' ಎಂದು ಇಬ್ಬರೂ ಹೇಳಿದಂತಾಯಿತು. ಯಾರೊಬ್ಬರ ತಪ್ಪೂ ಅಲ್ಲದ್ದರಿಂದಲೇ ಇದನ್ನು ಯಾರೂ ತಡೆಯಲಿಲ್ಲ.

ಇನ್ನೊಂದು ಅಂಶ ಅದಕ್ಕಿಂತ ಮುಖ್ಯವಾದುದು. ಆ ವಾರಕ್ಕೆ ಹಿಂದಿನ ನಾಲ್ಕು ವಾರಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆ, ಹಬ್ಬ, ರಜೆಗಳು ಬಂದಿದ್ದವು. ಆಗ ಅವನು ಎಸೆದದ್ದು ಕ್ರಮವಾಗಿ 120, 96, 72, 96, ಕೂಡಿದರೆ 384. ನಾಲ್ಕು ವಾರಗಳ ಎಸೆತವನ್ನು ಅವನು ಐದನೆಯ ಒಂದೇ ವಾರದಲ್ಲಿ ಎಸೆದಿದ್ದನು! ಆಸ್ಟ್ರೇಲಿಯದ ಉನ್ನತ ಮಟ್ಟದ ವೇಗದ ಬೌಲರುಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ವಾರದ ಎಸೆತವು ಹಿಂದಿನ ನಾಲ್ಕು ವಾರಗಳ ಸರಾಸರಿಯ ಎರಡು ಪಟ್ಟನ್ನು ಮೀರಿದರೆ ಮುಂದಿನ ವಾರ ಗಾಯವಾಗುವ ಸಂಭವ ಸುಮಾರು ಮೂರು ಪಟ್ಟಾಗುತ್ತದೆಂದು ಕಂಡುಕೊಂಡಿತು. ಅವರು ಬೆಳೆದು ನಿಂತ ಆಟಗಾರರು; ಆ ಲೆಕ್ಕದ ವಿಧಾನದ ಬಗ್ಗೆ ಅನಂತರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಹುಟ್ಟಿದೆ. ಆದುದರಿಂದ ಆ ಅಂಕಿಯನ್ನು ಶಾಸನವೆಂದು ಹಿಡಿಯಬೇಕಾಗಿಲ್ಲ. ಆದರೆ ಎರಡು ಪಟ್ಟಿಗೇ ಎಚ್ಚರಿಕೆಯ ಗಂಟೆ ಬಾರಿಸುವಾಗ ನಮ್ಮ ಹುಡುಗನದು ನಾಲ್ಕು ಪಟ್ಟಾಗಿತ್ತು. ಅಂಥ ವಾರಗಳು ಒಂದರ ಹಿಂದೊಂದು ಮೂರು ಬಂದುವು. ಮೂರನೆಯದರಲ್ಲಿ ಅವನು ಬೆಂಚಿನ ಮೇಲೆ ವಾಲಿ ಕುಳಿತನು.

ನಮ್ಮ ಶಾಲೆಗಳ ವರ್ಷಚಕ್ರವೇ ಇಂಥ ಏರಿಳಿತಗಳನ್ನು ಹುಟ್ಟಿಸುವಂತಿದೆ. ಫೆಬ್ರವರಿ, ಮಾರ್ಚಿಗಳಲ್ಲಿ ವಾರ್ಷಿಕ ಪರೀಕ್ಷೆ. ಹುಡುಗನು ಚೆಂಡನ್ನು ಮುಟ್ಟುವುದಿಲ್ಲ. ಏಪ್ರಿಲಿನಲ್ಲಿ ಬೇಸಗೆ ಶಿಬಿರ. ಬೆಳಗ್ಗೆ ಸಂಜೆ, ವಾರಕ್ಕೆ ಆರು ದಿನ. ಪರೀಕ್ಷೆಯ ದಿನಗಳಲ್ಲಿ ವಿಶ್ರಾಂತಿ ಪಡೆದ ಹುಡುಗನು ಶಿಬಿರಕ್ಕೆ ಹೊಸ ಬಲದಿಂದ ಬರುತ್ತಾನೆಂದು ನಾವು ತಿಳಿಯುತ್ತೇವೆ. ಉತ್ಸಾಹ ಹೊಸದು, ನಿಜ. ಎಲುಬು ಮಾತ್ರ ಆ ಭಾರದ ಅಭ್ಯಾಸ ತಪ್ಪಿ ಬಂದಿರುತ್ತದೆ. ಹೀಗಾಗಿ ದೀರ್ಘ ವಿರಾಮವೂ ಒಂದು ಬಗೆಯ ಅಪಾಯವೇ. ಎಸೆತವನ್ನು ಕಡಮೆ ಮಾಡಬೇಕೆಂಬುದು ನನ್ನ ವಾದವಲ್ಲ, ಸಮನಾಗಿ ಹಂಚಬೇಕೆಂಬುದು. ಪರೀಕ್ಷೆಯ ವಾರದಲ್ಲಿಯೂ ಎರಡು ಸಂಜೆ ಇಪ್ಪತ್ತು ಇಪ್ಪತ್ತು ಎಸೆತ ಎಸೆದ ಹುಡುಗನು ಓದಿನಲ್ಲಿ ಹಿಂದೆ ಬೀಳುವುದಿಲ್ಲ, ಏಪ್ರಿಲಿನಲ್ಲಿ ಹಾಸಿಗೆ ಹಿಡಿಯುವುದೂ ಇಲ್ಲ.

ಹಾಗಾದರೆ ಮಿತಿ ಎಷ್ಟು? ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯು ಕಿರಿಯರಿಗಾಗಿ ನಿರ್ದೇಶಗಳನ್ನು ಹೊರಡಿಸಿ ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿದೆ. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪಟ್ಟಿಯು ಶಾಲೆಗಳಿಗೆ ಒಳ್ಳೆಯ ಆಧಾರ. ಹದಿಮೂರರ ಒಳಗಿನವರಿಗೆ ಒಂದು ಸರದಿಗೆ 5 ಓವರು, ದಿನಕ್ಕೆ 10. ಹದಿನೈದರ ಒಳಗಿನವರಿಗೆ 6 ಮತ್ತು 12. ಹದಿನೇಳರ ಒಳಗಿನವರಿಗೆ 7 ಮತ್ತು 18. ಒಂದು ಸರದಿ ಮುಗಿಸಿದವನು ಅದೇ ತುದಿಯಿಂದ ಅಷ್ಟೇ ಓವರುಗಳು ಕಳೆಯುವವರೆಗೆ ಮತ್ತೆ ಚೆಂಡನ್ನು ಹಿಡಿಯಬಾರದು. ನೆಟ್ಟಿಗೂ ಮಿತಿಯುಂಟು: ಹದಿನೈದರ ಒಳಗಿನವರಿಗೆ ಒಂದು ಸಲಕ್ಕೆ 36 ಎಸೆತ, ವಾರಕ್ಕೆ ಎರಡು ಸಲ. ಎರಡು ದಿನಗಳಿಗಿಂತ ಹೆಚ್ಚು ಒಂದರ ಮೇಲೊಂದು ಎಸೆಯಬಾರದು; ಯಾವುದೇ ಏಳು ದಿನಗಳಲ್ಲಿ ನಾಲ್ಕು ದಿನ ಮೀರಬಾರದು. ವೇಗದ ಬೌಲರೆಂದರೆ ಯಾರು ಎಂಬ ಪ್ರಶ್ನೆಗೂ ಅಲ್ಲಿ ಸರಳವಾದ ಲಕ್ಷಣವನ್ನು ಹೇಳಿದ್ದಾರೆ: ಯಾವ ಬೌಲರಿಗೆ ಅದೇ ವಯೋಮಾನದ ವಿಕೆಟ್ ಕೀಪರನು ಗೂಟಗಳಿಂದ ಹಿಂದೆ ಸರಿದು ನಿಲ್ಲುತ್ತಾನೋ ಅವನು. ಲಕ್ಷಣಗ್ರಂಥಗಳನ್ನು ಓದಿದ ನನಗೆ ಇಷ್ಟು ಅಚ್ಚುಕಟ್ಟಾದ ಲಕ್ಷಣ ಅಪರೂಪವೆನಿಸಿತು.

ಇದರೊಡನೆ ಆಸ್ಟ್ರೇಲಿಯದಲ್ಲಿ ಹದಿನೈದರ ಆಸುಪಾಸಿನ 44 ಮಂದಿ ಹುಡುಗ ಬೌಲರುಗಳನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಸೇರಿಸಿಕೊಳ್ಳಬೇಕು. ಒಂದು ಬೌಲಿಂಗ್ ದಿನಕ್ಕೂ ಇನ್ನೊಂದಕ್ಕೂ ನಡುವೆ ಸರಾಸರಿ ಮೂರೂವರೆ ದಿನಕ್ಕಿಂತ ಕಡಮೆ ಬಿಡುವಿದ್ದವರಲ್ಲಿ ಗಾಯದ ಸಂಭವ ಸುಮಾರು ಮೂರು ಪಟ್ಟಿತ್ತು. ವಾರಕ್ಕೆ ಎರಡೂವರೆ ದಿನಕ್ಕಿಂತ, ದಿನಕ್ಕೆ 50 ಎಸೆತಕ್ಕಿಂತ ಹೆಚ್ಚಾದಾಗಲೂ ಅಪಾಯ ಏರುವ ಸೂಚನೆ ಅಲ್ಲಿ ಕಂಡಿತು. ಸಣ್ಣ ಗುಂಪಿನ ಅಧ್ಯಯನವಾದರೂ ಅದರ ಮಾತು ಇಂಗ್ಲೆಂಡಿನ ಪಟ್ಟಿಗಿಂತ ಬಿಗಿ. ಎರಡರ ನಡುವೆ ಆರಿಸಬೇಕಾದಾಗ, ಬೆಳೆಯುವ ಮಕ್ಕಳ ವಿಷಯದಲ್ಲಿ, ನಾನು ಬಿಗಿಯಾದುದರ ಪಕ್ಷಪಾತಿ.

ಇವನ್ನು ನಮ್ಮ ಹುಡುಗನ ವಾರಕ್ಕೆ ಅನ್ವಯಿಸಿ ನೋಡೋಣ. ರಜೆ ಮುಗಿದ ಮೊದಲ ವಾರ: ಬುಧವಾರ ನೆಟ್ಟಿನಲ್ಲಿ 36, ಶನಿವಾರ ಪಂದ್ಯದಲ್ಲಿ 8 ಓವರನ್ನು ಎರಡು ಸರದಿಯಾಗಿ, ಮೈ ಬಿಸಿ ಮಾಡಿಕೊಳ್ಳುವ 12 ಸೇರಿ 60, ಒಟ್ಟು 96. ಇದು ಹಿಂದಿನ ನಾಲ್ಕು ವಾರಗಳ ಸರಾಸರಿಗೆ ಸರಿಸಮ. ಎರಡನೆಯ ವಾರ: ಮಂಗಳವಾರ 36, ಗುರುವಾರ 36, ಶನಿವಾರ 60, ಒಟ್ಟು 132. ಮೂರನೆಯ ವಾರ ಮತ್ತೆ ಎರಡೇ ದಿನ. ಹೀಗೆ ಒಂದು ವಾರ ಎರಡು ದಿನ, ಮರುವಾರ ಮೂರು ದಿನ ಎಸೆದರೆ ಸರಾಸರಿ ಎರಡೂವರೆ ದಿನವಾಗುತ್ತದೆ. ಪಂದ್ಯದ ದಿನವೊಂದನ್ನು ಬಿಟ್ಟರೆ 50ನ್ನು ದಾಟುವುದಿಲ್ಲ. ಭಾನುವಾರ ಕ್ಲಬ್ಬಿಗೆ ಆಡಬೇಕಾದರೆ ಆಡಲಿ. ದಾಂಡಿಗನಾಗಿ ಆಡಲಿ, ಕ್ಷೇತ್ರರಕ್ಷಣೆ ಮಾಡಲಿ, ಚೆಂಡೆಸೆಯುವುದು ಬೇಡ. ಉಳಿದ ದಿನಗಳಲ್ಲಿ ಅವನು ಸುಮ್ಮನೆ ಕುಳಿತಿರಬೇಕೆಂದಲ್ಲ. ಓಟ, ಹೊಟ್ಟೆ ಬೆನ್ನುಗಳ ಸ್ನಾಯುಗಳಿಗೆ ವ್ಯಾಯಾಮ, ಕ್ಯಾಚು ಹಿಡಿಯುವ ಅಭ್ಯಾಸ, ಓಡದೆ ನಿಂತಲ್ಲಿಂದಲೇ ಮೆಲ್ಲಗೆ ಗುರಿಯಿಟ್ಟು ಎಸೆಯುವ ಅಭ್ಯಾಸ ಇವು ನಡೆಯಬಹುದು. ಮಿತಿ ಹಾಕಬೇಕಾದುದು ಪೂರ್ಣ ಓಟದಿಂದ ಪೂರ್ಣ ವೇಗದಲ್ಲಿ ಎಸೆಯುವ ಚೆಂಡಿಗೆ.

ಈ ಲೆಕ್ಕವನ್ನು ಇಡುವವರು ಯಾರು? ನನ್ನ ಮುಖ್ಯ ಸೂಚನೆ ಇಲ್ಲಿಯೇ ಇದೆ. ಲೆಕ್ಕವು ಶಾಲೆಯಲ್ಲಿ ಒಂದು, ಕ್ಲಬ್ಬಿನಲ್ಲಿ ಒಂದು ಇರಬಾರದು. ಹುಡುಗನ ಚೀಲದಲ್ಲಿ ಒಂದೇ ಪುಸ್ತಕವಿರಬೇಕು. ನೂರು ಪುಟದ ಸಾಮಾನ್ಯ ನೋಟುಪುಸ್ತಕ ಸಾಕು. ದಿನಾಂಕ, ಸ್ಥಳ, ಎಸೆತಗಳ ಸಂಖ್ಯೆ, ಮೈನೋವಿದ್ದರೆ ಎಲ್ಲಿ ಎಂಬ ನಾಲ್ಕು ಅಂಕಣಗಳು. ವಾರದ ಕೊನೆಗೆ ಮೊತ್ತ, ಅದರ ಪಕ್ಕದಲ್ಲಿ ಹಿಂದಿನ ನಾಲ್ಕು ವಾರಗಳ ಸರಾಸರಿ. ನೆಟ್ಟಿನ ಎಸೆತಗಳನ್ನು ಯಾರೂ ಎಣಿಸುವುದಿಲ್ಲವಾದುದರಿಂದ ಅಲ್ಲಿಯೇ ಹೆಚ್ಚಿನ ತಪ್ಪು ನುಸುಳುತ್ತದೆ. ದಾಂಡಿಗನಾಗುವ ಸರದಿಗಾಗಿ ಕಾಯುತ್ತ ನಿಂತ ಹುಡುಗನಿಗೆ ಎಣಿಸುವ ಕೆಲಸವನ್ನು ಒಪ್ಪಿಸಬಹುದು. ಯಾವ ತರಬೇತುಗಾರನಾದರೂ ಚೆಂಡನ್ನು ಕೊಡುವ ಮುನ್ನ ಆ ಪುಸ್ತಕವನ್ನು ತೆರೆದು ನೋಡಬೇಕು. ವಾರದ ಮಿತಿ ತುಂಬಿದ್ದರೆ ಪಂದ್ಯ ಎಷ್ಟೇ ಮಹತ್ತ್ವದ್ದಾಗಿರಲಿ, ಚೆಂಡು ಬೇರೊಬ್ಬನ ಕೈಗೆ ಹೋಗಬೇಕು. ಹುಡುಗನ ಮಾತನ್ನು ಮಾತ್ರ ನಂಬುವಂತಿಲ್ಲ. ಆಯ್ಕೆಯ ಆಸೆಯುಳ್ಳ ಹುಡುಗನು ನೋವನ್ನು ಮುಚ್ಚಿಡುತ್ತಾನೆ. ಅವನ ಜಾಗದಲ್ಲಿ ನಾವಿದ್ದರೂ ಹಾಗೆಯೇ ಮಾಡುತ್ತಿದ್ದೆವು.

ನೋವನ್ನು ಗುರುತಿಸುವ ಬಗೆಯನ್ನೂ ಶಿಕ್ಷಕರೆಲ್ಲರೂ ತಿಳಿದಿರಬೇಕು. ಸ್ನಾಯುವಿನ ನೋವು ಸಾಮಾನ್ಯವಾಗಿ ಸೊಂಟದ ಎರಡೂ ಕಡೆ ಹರಡಿರುತ್ತದೆ, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಎಲುಬಿನ ನೋವು ಹೆಚ್ಚಾಗಿ ಒಂದೇ ಕಡೆ, ಎಸೆಯುವ ಕೈಗೆ ಎದುರು ಬದಿಯಲ್ಲಿ, ಬೆರಳಿಟ್ಟು ತೋರಿಸುವಂತೆ ಇರುತ್ತದೆ. ಎಸೆಯುವಾಗ ಬರುತ್ತದೆ, ಬಿಟ್ಟರೆ ಇಳಿಯುತ್ತದೆ, ಮತ್ತೆ ಎಸೆದರೆ ಮತ್ತೆ ಬರುತ್ತದೆ. ಹಿಂದಕ್ಕೆ ಬಾಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿದರೆ ಅಷ್ಟಾಗಿ ಕಾಣದು. ಈ ಲಕ್ಷಣಗಳಿದ್ದ ಹುಡುಗನಿಂದ ಅಂದೇ ಚೆಂಡನ್ನು ಹಿಂದಕ್ಕೆ ಪಡೆದು ವೈದ್ಯರ ಬಳಿಗೆ ಕಳುಹಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆರಂಭದ ಬಿರುಕು ಸಾಮಾನ್ಯ ಎಕ್ಸರೇ ಚಿತ್ರದಲ್ಲಿ ಅನೇಕ ವೇಳೆ ಕಾಣುವುದೇ ಇಲ್ಲ. ನಮ್ಮ ಹುಡುಗನಿಗೂ ಹಾಗೆಯೇ ಆಯಿತು. ಎಕ್ಸರೇಯಲ್ಲಿ ಏನೂ ಇಲ್ಲವೆಂದಾಗ ಸ್ನಾಯುವಿನ ಸೆಳೆತವೆಂದು ತೈಲ ತಿಕ್ಕಿಸಿಕೊಂಡು, ಹತ್ತು ದಿನ ಸುಮ್ಮನಿದ್ದು, ನೋವು ಇಳಿದೊಡನೆ ಮೈದಾನಕ್ಕೆ ಹೋದನು. ಎರಡನೆಯ ಓವರಿನಲ್ಲಿ ಕುಸಿದು ಕುಳಿತನು. ಆಮೇಲೆ ನಗರದಲ್ಲಿ ಎಂ.ಆರ್.ಐ. ಚಿತ್ರ ತೆಗೆಸಿದಾಗ ಕೊನೆಯ ಮಣಿಯ ಎಡಭಾಗದಲ್ಲಿ ಬಿರುಕು ಸ್ಪಷ್ಟವಾಯಿತು. ಎಲುಬು ಇನ್ನೂ ಬಿರುಕು ಬಿಡದೆ ಬಾತುಕೊಂಡಿರುವ ಹಂತದಲ್ಲಿಯೇ ಈ ಚಿತ್ರ ಅದನ್ನು ತೋರಿಸಬಲ್ಲುದು. ಆಗ ಗುಣವಾಗುವ ಕಾಲವೂ ಕಡಮೆ. ತಡಮಾಡಿ ಎರಡೂ ಬದಿಯ ಸೇತುವೆಗಳು ಒಡೆದರೆ ಮಣಿಯೇ ಮುಂದಕ್ಕೆ ಜಾರುವ ಭಯವುಂಟು. ಆ ಚಿತ್ರಕ್ಕೆ ತಗಲುವ ಹಣ ಕೂಲಿ ಮಾಡುವ ತಂದೆಗೆ ಸಣ್ಣದಲ್ಲವೆಂಬುದನ್ನು ನಾನು ಬಲ್ಲೆ. ಅದಕ್ಕಾಗಿಯೇ ನೋಟುಪುಸ್ತಕದ ಅಗ್ಗದ ಉಪಾಯವನ್ನು ಮೊದಲು ಹೇಳಿದ್ದು.

ನನ್ನ ಮಾತಿಗೆ ಬರುವ ಆಕ್ಷೇಪ ನನಗೆ ಗೊತ್ತಿದೆ. ನಮ್ಮ ಹಳೆಯ ವಿದ್ಯಾರ್ಥಿಗಳೊಬ್ಬರು, ಒಂದು ಕಾಲದ ಒಳ್ಳೆಯ ಬೌಲರು, ನಕ್ಕು ಹೇಳಿದರು: "ಪಂಡಿತರೇ, ನಾವು ಬೆಳಗಿನಿಂದ ಸಂಜೆಯವರೆಗೆ ಬಯಲಿನಲ್ಲಿ ಎಸೆಯುತ್ತಿದ್ದೆವು. ನಮಗೇನಾಯಿತು?" ಅವರಿಗೆ ಏನೂ ಆಗಲಿಲ್ಲವೆಂಬುದು ಸಂತೋಷದ ಸಂಗತಿ. ಆದರೆ ಬಯಲಿನ ಆಟದಲ್ಲಿ ಹಗುರವಾದ ರಬ್ಬರಿನ ಚೆಂಡು, ನಾಲ್ಕು ಹೆಜ್ಜೆಯ ಓಟ. ಹತ್ತು ಜನ ಸರದಿಯಂತೆ ಎಸೆಯುತ್ತಿದ್ದರು. ಇಂದಿನ ಹುಡುಗನು ಹದಿನೈದು ಹೆಜ್ಜೆ ಓಡಿಬಂದು ಗಟ್ಟಿಯಾದ ನೆಲಕ್ಕೆ ಕಾಲನ್ನು ಅಪ್ಪಳಿಸುತ್ತಾನೆ. ಇನ್ನೊಂದು ಮಾತು: ಸೊಂಟ ಹಿಡಿದು ಆಟವನ್ನೇ ಬಿಟ್ಟವರು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಬೌಲರೆಂದು ಹೇಳಿಕೊಳ್ಳಲು ಬರುವುದಿಲ್ಲ. ಉಳಿದವರನ್ನು ಮಾತ್ರ ಕೇಳಿದರೆ ಎಲ್ಲರೂ ಉಳಿದರೆಂದೇ ತೋರುತ್ತದೆ. ಹಳೆಯ ಕಾಲದವರಿಗೂ ಇದು ತಪ್ಪಿದ್ದಲ್ಲ. ಡೆನಿಸ್ ಲಿಲ್ಲಿಯಂಥ ಬೌಲರೇ 1973ರಲ್ಲಿ ಬೆನ್ನಿನ ಬಿರುಕಿನಿಂದ ಬಿದ್ದು, ದೀರ್ಘಕಾಲದ ವ್ಯಾಯಾಮದಿಂದ ಮರಳಿ ಎದ್ದರು.

ಎಸೆಯುವ ಶೈಲಿಯನ್ನು ತಿದ್ದಿದರೆ ಸಾಲದೆ ಎಂಬುದು ಎರಡನೆಯ ಆಕ್ಷೇಪ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗುವ ಮಿಶ್ರ ಶೈಲಿಯು ಬೆನ್ನಿಗೆ ಕೇಡೆಂಬುದು ದಶಕಗಳಿಂದ ತಿಳಿದ ವಿಷಯ, ಅದನ್ನು ತಿದ್ದಬೇಕು. ಆದರೆ ತಿದ್ದಲು ನುರಿತ ಕಣ್ಣು ಬೇಕು, ಕಾಲ ಬೇಕು. ಎಣಿಸುವುದಕ್ಕೆ ಎರಡೂ ಬೇಡ. ಒಳ್ಳೆಯ ಶೈಲಿಯವನೂ 384ನ್ನು ತಾಳಲಾರನು. ತಿದ್ದುವ ಕೆಲಸ ನಾಳೆ ಮುಗಿಯದಿರಬಹುದು, ಎಣಿಸುವ ಕೆಲಸ ನಾಳೆಯೇ ತೊಡಗಬಹುದು.

ಕಡೆಯದಾಗಿ ದಾನಿಗಳಲ್ಲಿ ಒಂದು ಬಿನ್ನಹ. ಹಿರಿಯರ ಹೆಸರಿನಲ್ಲಿ ಬೆಳ್ಳಿಯ ಬಟ್ಟಲುಗಳನ್ನಿಟ್ಟು ಅಂತರಶಾಲಾ ಪಂದ್ಯಾವಳಿಗಳನ್ನು ತಾವು ನಡೆಸಿಕೊಡುತ್ತಿದ್ದೀರಿ. ಖರ್ಚನ್ನು ಉಳಿಸಲು ಆ ಪಂದ್ಯಾವಳಿಗಳನ್ನು ಎರಡು ಮೂರು ದಿನಗಳಲ್ಲಿಯೇ ಮುಗಿಸುತ್ತಾರೆ. ಗೆದ್ದ ತಂಡವು ಒಂದೇ ದಿನ ಮೂರು ಪಂದ್ಯಗಳನ್ನು ಆಡುವುದುಂಟು. ಇಪ್ಪತ್ತು ಓವರುಗಳ ಪಂದ್ಯದಲ್ಲಿ ಒಬ್ಬನಿಗೆ ನಾಲ್ಕೇ ಓವರು, ಇದರಿಂದೇನು ಎಂದು ತೋರಬಹುದು. ಮೂರು ಪಂದ್ಯಕ್ಕೆ 12 ಓವರು, ಮೂರು ಸಲ ಮೈ ಬಿಸಿ ಮಾಡಿಕೊಳ್ಳುವ 36 ಎಸೆತ, ಒಟ್ಟು 108. ಮರುದಿನ ಮತ್ತೆ ಅಷ್ಟೇ. ನಿಯಮವು ಪಂದ್ಯಕ್ಕೆ ಮಿತಿ ಹಾಕಿದೆ, ದಿನಕ್ಕೆ ಹಾಕಿಲ್ಲ. ಬಟ್ಟಲನ್ನು ಕೊಡುವವರು ಒಂದು ಷರತ್ತನ್ನೂ ಜೊತೆಗಿಡಲಿ: ಹದಿನೈದರ ಒಳಗಿನ ಯಾವ ವೇಗದ ಬೌಲರೂ ಎಲ್ಲ ಪಂದ್ಯಗಳೂ ಸೇರಿ ದಿನಕ್ಕೆ 8 ಓವರು ಮೀರಬಾರದು, ಒಂದರ ಮೇಲೊಂದು ಮೂರು ದಿನ ಎಸೆಯಬಾರದು. ದಾನಿಯ ಮಾತನ್ನು ವ್ಯವಸ್ಥಾಪಕರು ಮೀರುವುದಿಲ್ಲ. ತರಬೇತುಗಾರರೂ ಆಗ ಒಬ್ಬನ ಬದಲು ನಾಲ್ವರು ಬೌಲರುಗಳನ್ನು ಸಿದ್ಧಪಡಿಸುವರು.

ಆ ಹುಡುಗನು ಈಗ ಪದವಿಪೂರ್ವ ತರಗತಿಯಲ್ಲಿದ್ದಾನೆ. ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ನಿಂತಲ್ಲಿಂದ ಎಸೆತ, ಅನಂತರ ದಿನ ಬಿಟ್ಟು ದಿನ ಹನ್ನೆರಡು ಚೆಂಡು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮೈದಾನಕ್ಕೆ ಮರಳಿದ್ದಾನೆ. ಮೊನ್ನೆ ಶಾಲೆಗೆ ಬಂದಿದ್ದಾಗ ಚೀಲದಿಂದ ನೋಟುಪುಸ್ತಕವೊಂದನ್ನು ತೆಗೆದು ತೋರಿಸಿದನು. ಅಂಕಣಗಳು ನೇರವಾಗಿದ್ದುವು, ಮೊತ್ತಗಳು ಸರಿಯಾಗಿದ್ದುವು. ಒಂದು ಶನಿವಾರದ ಎದುರಿಗೆ 'ಇನ್ನೂ ಎರಡು ಓವರು ಕೇಳಿದರು, ಕೊಡಲಿಲ್ಲ' ಎಂದು ಬರೆದಿದ್ದನು. ಕಾಗುಣಿತದಲ್ಲಿ ಒಂದು ತಪ್ಪಿತ್ತು; ನಾನು ಅದನ್ನು ತಿದ್ದಲಿಲ್ಲ.